ಬಕೆಟ್‌ನಲ್ಲಿ ಬೆಡ್‌ಶೀಟು, ಜೀನ್ಸು: ಉಜ್ಜೋದು ಕಮ್ಮಿ, ಒತ್ತೋದು ಜಾಸ್ತಿ

ನಮ್ಮ ಮನೆಯಲ್ಲಿ ತೆಂಗಿನಕಾಯಿ ಚೀಲ ತೂಗಲು ಇಟ್ಟುಕೊಂಡಿರುವ ಕೊಕ್ಕೆ ತಕ್ಕಡಿ ಒಂದಿದೆ. ಒಂದು ಭಾನುವಾರ ಅದಕ್ಕೆ ಡಬಲ್ ಕಾಟ್ ಬೆಡ್‌ಶೀಟ್ ನೇತುಹಾಕಿ ನೋಡಿದೆ. ಒಣಗಿದ್ದಾಗ 900 ಗ್ರಾಂ. ಸೋಪಿನ ನೀರಿನಿಂದ ಎತ್ತಿ, ಹಿಂಡದೆ ಹಾಗೇ ತೂಗಿದರೆ ನಾಲ್ಕು ಕೆ.ಜಿ.ಗೆ ಚೂರು ಕಮ್ಮಿ. ಚೆನ್ನಾಗಿ ಒತ್ತಿ ನೀರು ಇಳಿಸಿದ ಮೇಲೆ ಎರಡು ಕೆ.ಜಿ. ಆಸುಪಾಸು. ಅಂದರೆ ಹಿಂಡದ ಬೆಡ್‌ಶೀಟು ತನ್ನ ಹೊಟ್ಟೆಯಲ್ಲಿ ಮೂರು ಲೀಟರ್ ಸೋಪಿನ ನೀರು ತುಂಬಿಕೊಂಡು ಕೂತಿರುತ್ತದೆ, ಒತ್ತಿದ್ದು ಒಂದೇ ಲೀಟರ್. ಬಟ್ಟೆಯಿಂದ ಸೋಪು ಬಿಡುವುದಿಲ್ಲ, ಎಷ್ಟು ಬಕೆಟ್ ಸುರಿದರೂ ನೊರೆ ನಿಲ್ಲುವುದಿಲ್ಲ ಎಂದು ಬೈದುಕೊಳ್ಳುವವರ ಕಷ್ಟವೆಲ್ಲ ಈ ಎರಡು ಲೀಟರಿನ ವ್ಯತ್ಯಾಸದಲ್ಲಿದೆ.

ಇದನ್ನು ಅಮ್ಮ ತಕ್ಕಡಿ ಇಲ್ಲದೆಯೇ ಹೇಳಿದ್ದಳು. ಮೈಸೂರಿನ ಸರಸ್ವತಿಪುರಂನಲ್ಲಿ ರೂಮು ಮಾಡಿಕೊಂಡು ಓದುತ್ತಿದ್ದಾಗ ಒಮ್ಮೆ ಬಂದವಳು, ನಾನು ಬಚ್ಚಲಲ್ಲಿ ಐದನೇ ಬಕೆಟ್ ತುಂಬುತ್ತಿದ್ದುದನ್ನು ನೋಡಿ, "ಸೋಪಿನ್ ನೀರ್ನೆಲ್ಲಾ ಒಳ್ಗೇ ಮಡೀಕಂಡು ಮೇಲಿಂದ ನೀರು ಸುರುದ್ರೆ ಏನ್ಲಾ ಬಂತು? ಮೊದ್ಲು ಒತ್ತಿ ತೆಗಿ," ಅಂದಳು. ಅವಳದ್ದು ನಾಲೆಯಲ್ಲಿ ಒಗೆದ ಕೈ. ಹರಿಯುವ ನೀರಿನಲ್ಲಿ ಬಟ್ಟೆ ಬಿಟ್ಟರೆ ಸೋಪು ತಾನಾಗಿ ಹೋಗುತ್ತದೆ. ಬಕೆಟ್‌ನಲ್ಲಿ ನೀರು ಹರಿಯುವುದಿಲ್ಲ, ಅಲ್ಲೇ ನಿಂತಿರುತ್ತದೆ. ಅದಕ್ಕೇ ಬಕೆಟ್ ಒಗೆತದ ಲೆಕ್ಕ ಬೇರೆ.

ಆ ಲೆಕ್ಕವನ್ನು ಒಂದು ಸಲ ಮಾಡಿಬಿಡೋಣ. 10 ಲೀಟರ್ ನೀರಿಗೆ 20 ಗ್ರಾಂ ಸೋಪಿನ ಪುಡಿ ಹಾಕಿದ್ದೀರಿ ಎಂದುಕೊಳ್ಳಿ. ಹಿಂಡದೆ ಎತ್ತಿದ ಬೆಡ್‌ಶೀಟಿನ ಜೊತೆ 6 ಗ್ರಾಂ ಪುಡಿ ಬರುತ್ತದೆ. ಅದನ್ನು 12 ಲೀಟರ್ ಹೊಸ ನೀರಿನಲ್ಲಿ ಜಾಲಿಸಿ ಮತ್ತೆ ಹಿಂಡದೆ ಎತ್ತಿದರೆ ಒಂದು ಗ್ರಾಮಿಗಿಂತ ಹೆಚ್ಚು ಪುಡಿ ಇನ್ನೂ ಬಟ್ಟೆಯಲ್ಲೇ ಇರುತ್ತದೆ. ಒತ್ತಿ ಹಾಕಿದರೆ ಮೊದಲಿಗೆ ಬರುವುದೇ 2 ಗ್ರಾಂ, ಒಂದು ಸಲ ಜಾಲಿಸಿ ಮತ್ತೆ ಒತ್ತಿದ ಮೇಲೆ ಉಳಿಯುವುದು ಒಂದು ಗ್ರಾಮಿನ ಆರನೇ ಒಂದು ಭಾಗ. ಹೀಗೇ ಮುಂದುವರಿದರೆ, ಒತ್ತಿ ಒತ್ತಿ ಎರಡು ನೀರಿನಲ್ಲಿ ಜಾಲಿಸಿದ್ದೂ ಒತ್ತದೆ ನಾಲ್ಕು ನೀರಿನಲ್ಲಿ ಜಾಲಿಸಿದ್ದೂ ಹೆಚ್ಚುಕಮ್ಮಿ ಒಂದೇ. ಒಂದಕ್ಕೆ 24 ಲೀಟರ್, ಇನ್ನೊಂದಕ್ಕೆ 48. ನೂಲಿಗೆ ಅಂಟಿಕೊಂಡ ಸೋಪು ನೀರಿಗೆ ಬರಲು ಸ್ವಲ್ಪ ಹೊತ್ತು ಹಿಡಿಯುವುದರಿಂದ ಇದು ಕರಾರುವಾಕ್ಕಾದ ಲೆಕ್ಕವೇನಲ್ಲ. ಆದರೆ ಬಚ್ಚಲಲ್ಲಿ ನೋಡಿದರೆ ಹೆಚ್ಚು ತಪ್ಪುವುದೂ ಇಲ್ಲ.

ನಾನು ಈಗ ಮಂಡ್ಯದಲ್ಲಿ ಮಾಡುವ ಕ್ರಮವನ್ನೇ ಹೇಳುತ್ತೇನೆ. ಒಂದು ಡಬಲ್ ಬೆಡ್‌ಶೀಟು, ಎರಡು ದಿಂಬಿನ ಕವರು, ಎರಡು ಜೀನ್ಸು. 20 ಲೀಟರಿನ ಎರಡು ಬಕೆಟ್, ಕೂರಲು ಒಂದು ಪ್ಲಾಸ್ಟಿಕ್ ಸ್ಟೂಲು, ಒಂದು ಬಟ್ಟೆ ಬ್ರಷ್ಷು. ಬಕೆಟ್ ಯಾವತ್ತೂ ಕಂಠಪೂರ್ತಿ ತುಂಬಬೇಡಿ. ಬಟ್ಟೆ ಮೇಲೆ ಕೆಳಗೆ ಆಡಲು ಜಾಗ ಇರಬೇಕು, ಬಕೆಟ್ ವಾಲಿಸಲು ನಮ್ಮ ಕೈಗೂ ಆಗಬೇಕು.

ಮೊದಲು ಬರೀ ನೀರು

ಬೆಡ್‌ಶೀಟನ್ನು ಹೊರಗೆ ತಂದು ಎರಡು ಸಲ ಜೋರಾಗಿ ಕೊಡವಿ. ಆಮೇಲೆ 10 ಲೀಟರ್ ಬರೀ ನೀರಿನಲ್ಲಿ ಹತ್ತು ನಿಮಿಷ ಮುಳುಗಿಸಿಡಿ. ಧೂಳು, ಬೆವರಿನ ಉಪ್ಪು ಇವಕ್ಕೆ ಸೋಪು ಬೇಕಾಗಿಲ್ಲ, ನೀರೇ ಸಾಕು. ಎರಡು ವಾರ ಹಾಸಿದ ಬೆಡ್‌ಶೀಟಿನ ಈ ಮೊದಲ ನೀರು ತೆಳು ಟೀ ಬಣ್ಣಕ್ಕೆ ಬರುತ್ತದೆ. ಇದನ್ನು ಬಿಟ್ಟು ನೇರವಾಗಿ ಸೋಪಿಗೆ ಹಾಕಿದರೆ ಪುಡಿಯ ಅರ್ಧ ಶಕ್ತಿ ಆ ಮಣ್ಣಿಗೇ ಹೋಗುತ್ತದೆ. ನೀರು ಚೆಲ್ಲುವಾಗ ಬೆಡ್‌ಶೀಟ್ ಎತ್ತಬೇಡಿ. ಬಟ್ಟೆಯನ್ನು ಕೈಯಲ್ಲಿ ತಡೆದು ಹಿಡಿದು ಬಕೆಟ್ಟನ್ನೇ ವಾಲಿಸಿ. ನಾಲ್ಕು ಕೆ.ಜಿ. ತೂಕವನ್ನು ಬಗ್ಗಿ ಎತ್ತುವುದರಲ್ಲೇ ಸೊಂಟ ಹೋಗುವುದು.

ಸೋಪಿನ ನೀರು

ಪುಡಿಯನ್ನು ಬಟ್ಟೆಯ ಮೇಲೆ ಉದುರಿಸುವ ಅಭ್ಯಾಸ ಬಿಡಬೇಕು. ದೊಡ್ಡ ಚಮಚದಲ್ಲಿ ಎರಡು ಚಮಚ ಪುಡಿಯನ್ನು ಒಂದು ಮಗ್ಗು ಬಿಸಿನೀರಿನಲ್ಲಿ ಪೂರ್ತಿ ಕರಗಿಸಿ, ಆ ನೀರನ್ನು ಬಕೆಟ್ಟಿನ 10 ಲೀಟರಿಗೆ ಸೇರಿಸಿ ಕಲಕಿ, ಆಮೇಲೆ ಬಟ್ಟೆ ಇಳಿಸಿ. ತಣ್ಣೀರಿನಲ್ಲಿ ಕರಗದ ಪುಡಿ ಮಡಿಕೆಗಳಲ್ಲಿ ಸಿಕ್ಕಿಕೊಂಡು, ಒಣಗಿದ ಮೇಲೆ ಬಿಳಿ ಚುಕ್ಕೆಯಾಗಿ ಕಾಣಿಸಿಕೊಳ್ಳುತ್ತದೆ. ಬಿಳಿ ಅಥವಾ ಗಟ್ಟಿ ಬಣ್ಣದ ಬೆಡ್‌ಶೀಟಾದರೆ ಬಕೆಟ್ಟಿನ ನೀರೂ ಉಗುರು ಬೆಚ್ಚಗಿದ್ದರೆ ಒಳ್ಳೆಯದು. ಮೈಯೆಣ್ಣೆ, ತಲೆಯೆಣ್ಣೆಯ ಜಿಡ್ಡು ತಣ್ಣೀರಿಗೆ ಬೇಗ ಸಡಿಲವಾಗುವುದಿಲ್ಲ.

ನೆನೆಯಲು ಅರ್ಧ ಗಂಟೆಯಿಂದ ಮುಕ್ಕಾಲು ಗಂಟೆ ಸಾಕು. ರಾತ್ರಿ ನೆನೆಹಾಕಿ ಬೆಳಗ್ಗೆ ಒಗೆಯುವವರು ಬಹಳ ಜನ. ಹಾಗೆ ಮಾಡಿದರೆ ಬಿಟ್ಟ ಕೊಳೆ ಮತ್ತೆ ಬಟ್ಟೆಗೇ ಕೂರುತ್ತದೆ, ಬಣ್ಣ ಬಿಡುತ್ತದೆ, ಬೇಸಿಗೆಯಲ್ಲಂತೂ ನೀರಿಗೆ ಮುಗ್ಗಲು ವಾಸನೆ ಬರುತ್ತದೆ. ಆ ವಾಸನೆ ಜಾಲಿಸಿದರೂ ಪೂರ್ತಿ ಹೋಗುವುದಿಲ್ಲ.

ನೆಂದ ಮೇಲೆ ಸ್ಟೂಲಿನ ಮೇಲೆ ಕೂತು, ಕಾಲು ತೊಳೆದುಕೊಂಡು, ಎರಡೂ ಹಿಮ್ಮಡಿಯನ್ನು ಬಕೆಟ್ಟಿಗೆ ಇಳಿಸಿ ಐದು ನಿಮಿಷ ತುಳಿಯಿರಿ. ನಡುವೆ ಎರಡು ಸಲ ಬಟ್ಟೆಯನ್ನು ಬುಡಮೇಲು ಮಾಡಿ. ತುಳಿದಾಗ ಸೋಪಿನ ನೀರು ನೂಲಿನ ಒಳಗಿಂದ ಹೊರಗೆ, ಹೊರಗಿಂದ ಒಳಗೆ ಓಡಾಡುತ್ತದೆ, ಕೊಳೆ ಬಿಡುವುದು ಅದರಿಂದಲೇ. ಮೇಲೆ ಮೇಲೆ ಉಜ್ಜಿದರೆ ಆ ಕೆಲಸ ಆಗುವುದಿಲ್ಲ, ಬಟ್ಟೆ ಜುಂಗು ಏಳುತ್ತದೆ ಅಷ್ಟೆ. ಬಕೆಟ್ ಒಳಗೆ ನಿಂತು ತುಳಿಯಲು ಹೋಗಬೇಡಿ. ಬಕೆಟ್ ಜಾರುತ್ತದೆ, ಬಚ್ಚಲ ಟೈಲ್ಸ್ ಮೇಲೆ ಸೋಪಿನ ನೀರು ಬೇರೆ ಇರುತ್ತದೆ. ಹಿಮ್ಮಡಿ ಒಡೆದಿದ್ದರೆ ಸೋಪಿಗೆ ಉರಿ ತಡೆಯಲಾಗದು. ಅಂಥವರು ನುಣುಪಾದ ಒಂದು ದಪ್ಪ ಕೋಲು ಇಟ್ಟುಕೊಂಡು ಕುಟ್ಟಬಹುದು. ನಮ್ಮ ಕಡೆ ಎಲ್ಲರ ಮನೆಯಲ್ಲೂ ಮುದ್ದೆ ಕೋಲು ಇರುತ್ತದೆ ನಿಜ, ದಯವಿಟ್ಟು ಅದು ಬೇಡ, ಇನ್ನೊಂದು ಕೊಂಡುಕೊಳ್ಳಿ.

ಕೈಯಿಂದ ಉಜ್ಜಬೇಕಾದ ಜಾಗ ಬೆಡ್‌ಶೀಟಿನಲ್ಲಿ ಎರಡೇ: ತಲೆ ಇಡುವ ಕಡೆಯ ಒಂದು ಮೊಳ, ಪಾದ ತಾಗುವ ಕಡೆಯ ಅಂಚು. ಅಲ್ಲಿಗೆ ಬಾರ್ ಸೋಪು ಸವರಿ, ಬಟ್ಟೆಗೆ ಬಟ್ಟೆಯನ್ನೇ ತಿಕ್ಕಿ. ಇಡೀ ಬೆಡ್‌ಶೀಟಿಗೆ ಬಾರ್ ಹಚ್ಚಿದರೆ ಕಷ್ಟ ನೀವೇ ಕರೆದುಕೊಂಡಂತೆ. ಬಟ್ಟೆ ಬಾರ್‌ಗಳಲ್ಲಿ ಸೋಪಿನ ಜೊತೆಗೆ ಸುಣ್ಣಕಲ್ಲಿನ ಪುಡಿ, ಜೇಡಿಮಣ್ಣಿನಂಥ ತುಂಬು ಸಾಮಾನೂ ಇರುತ್ತದೆ, ಅದನ್ನು ದಪ್ಪ ಬಟ್ಟೆಯಿಂದ ಬಿಡಿಸಲು ಇನ್ನೆರಡು ಬಕೆಟ್ ಬೇಕು.

ಇಲ್ಲಿ ನೀರಿನ ಮಾತೂ ಆಡಿಬಿಡಬೇಕು. ಮೈಸೂರಿನಲ್ಲಿ ನಲ್ಲಿಯಲ್ಲಿ ಕಾವೇರಿ ಬರುತ್ತಿದ್ದಷ್ಟು ದಿನ ನನಗೆ ಇದು ತಿಳಿದಿರಲಿಲ್ಲ. ಮಂಡ್ಯದಲ್ಲಿ ನಮ್ಮ ಮನೆಗೆ ಎರಡೂ ಇವೆ, ಬೋರ್ ನೀರು ಗಡಸು. ಪರೀಕ್ಷೆ ಸುಲಭ. ಒಂದೇ ಥರದ ಎರಡು ಬಾಟಲಿಯಲ್ಲಿ ಅರ್ಧರ್ಧ ನೀರು ಹಿಡಿದು, ಮೈಸೋಪಿನ ಒಂದೊಂದು ಚೂರು ಹಾಕಿ ಕುಲುಕಿ. ಒಂದರಲ್ಲಿ ನೊರೆ ನಿಲ್ಲುತ್ತದೆ, ಗಡಸು ನೀರಿನದ್ದರಲ್ಲಿ ನೊರೆ ಬಾರದೆ ಬಿಳಿ ಗಸಿ ತೇಲುತ್ತದೆ. ಆ ಗಸಿಯೇ ಬೆಡ್‌ಶೀಟಿನಲ್ಲಿ ಕೂತು ಅದನ್ನು ಬೂದು ಬಣ್ಣಕ್ಕೆ ತಿರುಗಿಸುವುದು, ಒರಟು ಮಾಡುವುದು. ಸೋಪಿನ ಪುಡಿಗೆ ಅಷ್ಟು ಗಸಿ ಕಟ್ಟುವುದಿಲ್ಲ, ಆದರೂ ಬೋರ್ ನೀರಿಗೆ ಎರಡರ ಬದಲು ಮೂರು ಚಮಚ ಪುಡಿ ಬೇಕು. ಎರಡೂ ನೀರು ಇರುವವರು ಬೋರ್ ನೀರನ್ನು ಮೊದಲ ನೆನೆಗೂ ಮೊದಲ ಜಾಲಿಸುವುದಕ್ಕೂ ಇಟ್ಟುಕೊಂಡು, ಸೋಪಿನ ನೀರಿಗೆ ಮತ್ತು ಕಟ್ಟಕಡೆಯ ನೀರಿಗೆ ಕಾವೇರಿ ಬಳಸಿ. ಕೊನೆಯ ನೀರೇ ಬಟ್ಟೆಯಲ್ಲಿ ಉಳಿದು ಆರುವುದು, ಅದರಲ್ಲಿದ್ದ ಉಪ್ಪು ಬಟ್ಟೆಯಲ್ಲೇ ಉಳಿಯುತ್ತದೆ.

ಒತ್ತಿ, ಜಾಲಿಸಿ, ಒತ್ತಿ

ಈಗ ಮುಖ್ಯ ಕೆಲಸ. ಸೋಪಿನ ನೀರು ಇನ್ನೂ ಜೀನ್ಸಿಗೆ ಬೇಕು, ಆದ್ದರಿಂದ ಚೆಲ್ಲಬೇಡಿ. ಬೆಡ್‌ಶೀಟಿನ ಒಂದು ಮೂಲೆ ಹಿಡಿದು, ಎರಡು ಕೈಗಳ ನಡುವೆ ಹಾಯಿಸುತ್ತ, ಬಾವಿಯಿಂದ ಹಗ್ಗ ಸೇದುವ ಹಾಗೆ ಒಂದೊಂದು ಅಡಿಯಾಗಿ ಮೇಲೆ ತನ್ನಿ. ಬಂದಷ್ಟನ್ನು ಅದೇ ಬಕೆಟ್ಟಿನ ಮೇಲೆ ಒತ್ತಿ ಹಿಂಡಿ, ಪಕ್ಕದ ಖಾಲಿ ಬಕೆಟ್ಟಿಗೆ ಇಳಿಸುತ್ತ ಹೋಗಿ. ಇಡೀ ಭಾರ ಒಮ್ಮೆಯೂ ಕೈಗೆ ಬೀಳುವುದಿಲ್ಲ. ಪೂರ್ತಿ ಇಳಿದ ಮೇಲೆ ಎರಡನೇ ಬಕೆಟ್ಟಿನಲ್ಲಿ ಹಿಮ್ಮಡಿಯಿಂದ ಇನ್ನೊಮ್ಮೆ ಅದುಮಿ, ವಾಲಿಸಿ, ಬಸಿದದ್ದನ್ನು ಮತ್ತೆ ಮೊದಲ ಬಕೆಟ್ಟಿಗೇ ಸುರಿಯಿರಿ. ಜೀನ್ಸನ್ನು ಈಗಲೇ ಆ ಸೋಪಿನ ನೀರಿಗೆ ಹಾಕಿ ಬಿಟ್ಟರೆ ನೀವು ಬೆಡ್‌ಶೀಟ್ ಜಾಲಿಸುವಷ್ಟರಲ್ಲಿ ಅದು ನೆಂದಿರುತ್ತದೆ. ಇನ್ನೊಂದು ಚಮಚ ಪುಡಿಯನ್ನು ಮಗ್ಗಿನಲ್ಲಿ ಕರಗಿಸಿ ಸೇರಿಸಿಕೊಳ್ಳಿ.

ಹಿಂಡುವಾಗ ನಲ್ಲಿಗೆ ಸುತ್ತಿ ತಿರುಚುವುದು ನಮ್ಮಲ್ಲಿ ಮಾಮೂಲಿ. ಸರಸ್ವತಿಪುರಂ ರೂಮಿನಲ್ಲಿ ನಾನೂ ಹಾಗೇ ಮಾಡಿ, ಮೂರನೇ ಸುತ್ತಿಗೆ ನಲ್ಲಿ ಪೈಪಿನ ಸಮೇತ ಗೋಡೆಯಿಂದ ಕಿತ್ತು ಬಂತು. ಮೇಲಿನ ಟ್ಯಾಂಕು ಖಾಲಿಯಾಗುವವರೆಗೆ ಬಟ್ಟೆ ತುರುಕಿ ಹಿಡಿದು ನಿಂತಿದ್ದೆ. ತಮಾಷೆಯೆಂದರೆ ತುರುಕಿದ್ದೂ ಅದೇ ಬೆಡ್‌ಶೀಟು. ಪ್ಲಾಸ್ಟಿಕ್ ಪೈಪಿನ ಕಾಲದಲ್ಲಿ ನಲ್ಲಿಗೆ ಆ ಎಳೆತ ತಡೆಯುವ ಬಲ ಇಲ್ಲ. ತಿರುಚಲೇಬೇಕು ಎನಿಸಿದರೆ ಗೇಟಿನ ಕಬ್ಬಿಣದ ಕಂಬವೋ ಹಿತ್ತಲ ಸೀಬೆ ಮರವೋ ಇದ್ದರೆ ಅದಕ್ಕೆ ನಡುವಿನಿಂದ ಸುತ್ತಿ, ಎರಡೂ ತುದಿ ಸೇರಿಸಿ ತಿರುಚಿ. ಒಬ್ಬರೇ ಇದ್ದರೂ ಇಬ್ಬರು ಹಿಂಡಿದಷ್ಟು ನೀರು ಇಳಿಯುತ್ತದೆ. ಹಿತ್ತಲು ಇಲ್ಲದವರಿಗೆ ಹಿಮ್ಮಡಿಯೇ ಸಾಕು.

ಒತ್ತಿದ ಬೆಡ್‌ಶೀಟಿಗೆ 12 ಲೀಟರ್ ಹೊಸ ನೀರು. ಮುದ್ದೆಯಾಗಿ ಬಿದ್ದಿದ್ದರೆ ಜಾಲಿಸಿದಂತಲ್ಲ. ಮೂಲೆ ಹಿಡಿದು ಮತ್ತೆ ಹಗ್ಗ ಸೇದಿದಂತೆ ಮೇಲೆ ಕೆಳಗೆ ಆಡಿಸಿ, ಒಳಗಿನ ಮಡಿಕೆಗಳು ಒಂದು ಸಲವಾದರೂ ಬಿಚ್ಚಿಕೊಳ್ಳಬೇಕು. ಎರಡು ನಿಮಿಷ ಆಡಿಸಿ, ಮೂರು ನಿಮಿಷ ಸುಮ್ಮನೆ ಬಿಡಿ, ಒತ್ತಿ, ವಾಲಿಸಿ ಚೆಲ್ಲಿ. ಈ ನೀರು ಬಚ್ಚಲ ನೆಲ ಉಜ್ಜಲು ಒದಗುತ್ತದೆ. ಮತ್ತೆ 12 ಲೀಟರಿನಲ್ಲಿ ಹಾಗೆಯೇ ಮಾಡಿ, ಈ ಸಲ ಬೆಡ್‌ಶೀಟನ್ನು ಎತ್ತಿ ಬಕೆಟ್ಟಿನ ಮೇಲೆಯೇ ಹಿಂಡಿ, ನೀರನ್ನು ಹಾಗೇ ಉಳಿಸಿಕೊಳ್ಳಿ.

ಸಾಕೋ ಸಾಲದೋ ಎಂಬುದಕ್ಕೆ ನೊರೆಯೊಂದನ್ನೇ ನಂಬಬೇಡಿ. ಎರಡನೇ ನೀರಿನಲ್ಲಿ ಅಂಚಿಗೆ ಒಂದಿಷ್ಟು ಗುಳ್ಳೆ ಇದ್ದರೆ ಚಿಂತೆಯಿಲ್ಲ. ಬೆಡ್‌ಶೀಟಿನ ಮಡಚಿ ಹೊಲಿದ ಅಂಚನ್ನು ಗಾಜಿನ ಲೋಟದೊಳಕ್ಕೆ ಹಿಂಡಿ ನೋಡಿ. ತಿಳಿಯಾಗಿದ್ದು, ಬೆರಳ ನಡುವೆ ತಿಕ್ಕಿದರೆ ಲೋಳೆಯಂತೆ ಜಾರದಿದ್ದರೆ ಆಯಿತು. ಜಾರಿದರೆ ಇನ್ನೊಂದು ನೀರು. ಕೂಸು ಮಲಗುವ ಹಾಸಿಗೆಯಾದರೆ, ಅಥವಾ ಮನೆಯಲ್ಲಿ ಯಾರಿಗಾದರೂ ಮೈ ತುರಿಕೆ ಇದ್ದರೆ, ನಾನು ಪರೀಕ್ಷೆ ಮಾಡದೆಯೇ ಮೂರನೇ ನೀರು ಹಾಕುತ್ತೇನೆ.

ಜೀನ್ಸಿನ ಸರದಿ

ಜೀನ್ಸನ್ನು ನೆನೆಹಾಕುವ ಮುಂಚೆಯೇ ಜೇಬು ತಡಕಿ, ಜಿಪ್ಪು ಎಳೆದು, ಗುಂಡಿ ಹಾಕಿ, ಒಳಮೇಲು ಮಾಡಿರಬೇಕು. ಒಳಮೇಲು ಮಾಡಿದರೆ ಮಡಿಕೆಗಳಲ್ಲಿ ಬಿಳಿ ಗೆರೆ ಬೀಳುವುದು ತಪ್ಪುತ್ತದೆ, ಬೆವರು ಕೂತಿರುವುದೂ ಒಳಮೈಯಲ್ಲೇ. ಬಿಸಿನೀರು ಬೇಡ. ಈಗಿನ ಜೀನ್ಸುಗಳಲ್ಲಿ ಬಹುಪಾಲು ಎಳೆದರೆ ಹಿಗ್ಗುವ ನೂಲು ಸೇರಿರುತ್ತದೆ, ಬಿಸಿಗೆ ಅದು ಸಡಿಲಾಗಿ ಮೊಣಕಾಲಿನ ಹತ್ತಿರ ಜೋಲು ಬೀಳುತ್ತದೆ. ಬೆಡ್‌ಶೀಟಿನ ಸೋಪಿನ ನೀರು ಇಷ್ಟು ಹೊತ್ತಿಗೆ ತಣ್ಣಗಾಗಿರುವುದರಿಂದ ಅದು ಇಲ್ಲಿ ಸರಿಹೋಗುತ್ತದೆ. ಹೊಸ ನೀಲಿ ಜೀನ್ಸನ್ನು ಮಾತ್ರ ಮೊದಲ ಮೂರು ನಾಲ್ಕು ಸಲ ಬೇರೆಯಾಗಿಯೇ ಒಗೆಯಿರಿ, ಜೊತೆಗೆ ಹಾಕಿದ ತೆಳು ಬಣ್ಣದ ಪ್ಯಾಂಟಿಗೂ ನೀಲಿ ಹತ್ತುತ್ತದೆ. ಬೆಡ್‌ಶೀಟು ಮೊದಲು, ಜೀನ್ಸು ಆಮೇಲೆ ಎಂಬ ಕ್ರಮ ತಲೆಕೆಳಗಾಗಬಾರದು ಎನ್ನುವುದೂ ಇದಕ್ಕೇ.

ಬ್ರಷ್ಷು ಹಾಕುವ ಜಾಗಗಳು: ಕಾಲಿನ ತುದಿಯ ಮಡಿಕೆ, ಮೊಣಕಾಲು, ಕೂರುವ ಜಾಗ, ಜೇಬಿನ ಬಾಯಿ. ಕಾಲಿನ ತುದಿಯಲ್ಲಿ ಕೆಸರು ಕೂತಿದ್ದರೆ ಅದಷ್ಟನ್ನು ಒಣಗಿರುವಾಗಲೇ ಬ್ರಷ್ಷಿನಿಂದ ಉದುರಿಸಿಕೊಂಡಿರಬೇಕು, ನೆಂದ ಮೇಲೆ ಅದು ಇನ್ನೂ ಒಳಕ್ಕೆ ಇಳಿಯುತ್ತದೆ. ಕಬ್ಬಿನ ಗದ್ದೆಯ ಮಣ್ಣಿಗೆ ಈ ಮಾತು ಇನ್ನೂ ಹೆಚ್ಚು ಸಲ್ಲುತ್ತದೆ.

ಜೀನ್ಸನ್ನು ತಿರುಚಬೇಡಿ. ಎರಡು ಕಾಲನ್ನು ಒಂದರ ಮೇಲೊಂದು ಇಟ್ಟು, ಸೊಂಟಪಟ್ಟಿಯ ಕಡೆಯಿಂದ ಚಾಪೆಯಂತೆ ಬಿಗಿಯಾಗಿ ಸುತ್ತುತ್ತ ಹೋಗಿ, ನೀರು ಕಾಲಿನ ತುದಿಯಿಂದ ಹೊರಬೀಳುತ್ತದೆ. ಸುರುಳಿಯನ್ನು ಒಗೆಯೋ ಕಲ್ಲಿನ ಮೇಲೋ ಬಚ್ಚಲ ನೆಲದ ಮೇಲೋ ಇಟ್ಟು ಮೊಣಕೈಯಿಂದ ಒಮ್ಮೆ ಅದುಮಿದರೆ ಮುಗಿಯಿತು. ಮೊದಲು ಜಾಲಿಸುವುದು ಉಳಿಸಿಕೊಂಡ ಬೆಡ್‌ಶೀಟಿನ ಎರಡನೇ ನೀರಿನಲ್ಲಿ, ಆಮೇಲೆ 12 ಲೀಟರಿನ ಎರಡು ಹೊಸ ನೀರು. ಬೆಡ್‌ಶೀಟಿಗೆ ಎರಡು ಸಾಕಾದದ್ದು ಇಲ್ಲಿ ಮೂರೇಕೆಂದರೆ, ಸೊಂಟಪಟ್ಟಿ, ಬೆಲ್ಟಿನ ಕೊಂಡಿ, ಕಾಲಿನ ಉದ್ದಕ್ಕೂ ಹೋಗುವ ದಪ್ಪ ಹೊಲಿಗೆ ಇಲ್ಲೆಲ್ಲ ಬಟ್ಟೆ ಹಲವು ಪದರ. ಆಡಿಸಿದರೆ ಅಲ್ಲಿಂದ ಸೋಪು ಬರುವುದಿಲ್ಲ, ಕಾದರೆ ಬರುತ್ತದೆ. ಆದ್ದರಿಂದ ಕೊನೆಯ ನೀರಿನಲ್ಲಿ ಹತ್ತು ನಿಮಿಷ ಸುಮ್ಮನೆ ಬಿಟ್ಟು, ಸೊಂಟಪಟ್ಟಿಯನ್ನು ಮಾತ್ರ ಹಿಡಿದು ನೀರೊಳಗೇ ನಾಲ್ಕೈದು ಸಲ ಹಿಂಡಿ ಬಿಡಿ. ಒಣಗಿದ ಮೇಲೆ ಹೊಲಿಗೆಯ ಉದ್ದಕ್ಕೆ ಬಿಳಿ ಗೆರೆ ಕಂಡರೆ, ಸೊಂಟದ ಸುತ್ತ ತುರಿಸಿದರೆ, ತಪ್ಪಿದ್ದು ಈ ಹತ್ತು ನಿಮಿಷ.

ಒಟ್ಟು ನೀರು ಕೂಡಿಸಿ ನೋಡಿದರೆ ಮೊದಲ ನೆನೆಗೆ 10, ಸೋಪಿಗೆ 10, ಬೆಡ್‌ಶೀಟಿಗೆ 24, ಜೀನ್ಸಿಗೆ 24, ಎಲ್ಲಾ ಸೇರಿ 68 ಲೀಟರ್. ಸಮಯ ಸುಮಾರು ಎರಡು ಗಂಟೆ, ಅದರಲ್ಲಿ ಕೈಕಾಲು ಆಡಿಸುವುದು ಮುಕ್ಕಾಲು ಗಂಟೆಯೂ ಇಲ್ಲ. ನೆನೆಯುವ ಹೊತ್ತಿನಲ್ಲಿ ನಾನು ಸಾರಿಗೆ ಒಗ್ಗರಣೆ ಹಾಕಿಬಿಡುತ್ತೇನೆ.

ಒಣಹಾಕುವಾಗ

ಒದ್ದೆ ಬೆಡ್‌ಶೀಟನ್ನು ನೇರವಾಗಿ ತಂತಿಯ ಮೇಲೆ ಹರಡಲು ಹೋಗಬೇಡಿ. ನಾಲ್ಕು ಮಡಿಕೆ ಮಾಡಿ ಬಚ್ಚಲ ಕಂಬಿಯ ಮೇಲೋ ಕಾಂಪೌಂಡ್ ಗೋಡೆಯ ಮೇಲೋ ಇಪ್ಪತ್ತು ನಿಮಿಷ ನೇತುಬಿಟ್ಟರೆ ಉಳಿದ ನೀರು ತಾನಾಗಿ ಕೆಳ ಅಂಚಿಗೆ ಇಳಿಯುತ್ತದೆ. ಆ ಅಂಚನ್ನಷ್ಟೇ ಹಿಂಡಿ, ಆಮೇಲೆ ಮಹಡಿಗೆ ಒಯ್ದರೆ ಹೊರುವ ಭಾರವೂ ಕಮ್ಮಿ. ಎರಡು ತಂತಿ ಅಕ್ಕಪಕ್ಕ ಇದ್ದರೆ ಬೆಡ್‌ಶೀಟನ್ನು ಎರಡರ ಮೇಲೂ ಹಾಯಿಸಿ, ನಡುವೆ ಗಾಳಿ ಆಡುವಂತೆ ಬಿಡಿ. ಒಂದೇ ತಂತಿಯ ಮೇಲೆ ಎರಡು ಪದರ ಅಂಟಿಕೊಂಡರೆ ಹೊರಗೆ ಒಣಗಿ ಒಳಗೆ ತೇವ ಉಳಿಯುತ್ತದೆ. ಆಷಾಢದ ಜಿಟಿಜಿಟಿ ಮಳೆಯಲ್ಲಿ ಮೈಸೂರು ಕಡೆ ಇದೇ ಮುಗ್ಗಲು ವಾಸನೆಗೆ ದಾರಿ. ಆ ದಿನಗಳಲ್ಲಿ ಬೆಡ್‌ಶೀಟನ್ನೂ ಜೀನ್ಸನ್ನೂ ಒಂದೇ ದಿನ ಒಗೆಯುವುದನ್ನೇ ನಾನು ಬಿಟ್ಟಿದ್ದೇನೆ, ಫ್ಯಾನಿನ ಕೆಳಗೆ ಎರಡಕ್ಕೂ ಜಾಗ ಸಾಲುವುದಿಲ್ಲ.

ಜೀನ್ಸನ್ನು ಒಳಮೇಲಾಗಿಯೇ, ಜೇಬುಗಳನ್ನು ಕಿವಿಯಂತೆ ಹೊರಗೆಳೆದು, ಕಾಲಿನ ತುದಿಗೆ ಕ್ಲಿಪ್ಪು ಹಾಕಿ ತಲೆಕೆಳಗಾಗಿ ನೇತುಹಾಕಿ. ಸೊಂಟಪಟ್ಟಿಯ ಭಾರಕ್ಕೆ ಕಾಲು ತಾನೇ ನೆಟ್ಟಗಾಗುತ್ತದೆ, ಸುಕ್ಕು ಕಮ್ಮಿ. ನೀರೆಲ್ಲ ಸೊಂಟಪಟ್ಟಿಗೆ ಇಳಿಯುವುದರಿಂದ ಅರ್ಧ ಗಂಟೆಯ ಮೇಲೆ ಒಮ್ಮೆ ಹೋಗಿ ಅದನ್ನು ಹಿಂಡಿ ಬನ್ನಿ. ಬಿಸಿಲು ಜೋರಾಗಿದ್ದರೆ ಬಣ್ಣ ಮಾಸದಂತೆ ನೆರಳಿಗೆ ಸರಿಸಿ. ಸಂಜೆ ತೆಗೆಯುವ ಮುಂಚೆ ಕಾಲು ಮುಟ್ಟಿ ನೋಡಿದರೆ ಸಾಲದು. ಬಲಗಡೆಯ ಚಿಕ್ಕ ಚಿಲ್ಲರೆ ಜೇಬಿನೊಳಕ್ಕೆ ಬೆರಳಿಡಿ, ಇಡೀ ಪ್ಯಾಂಟಿನಲ್ಲಿ ಕೊನೆಗೆ ಒಣಗುವ ಜಾಗ ಅದು. ಅಲ್ಲಿ ತಣ್ಣಗೆ ತಗುಲಿದರೆ ಇನ್ನೂ ಒಂದು ಗಂಟೆ ತಂತಿಯ ಮೇಲೇ ಇರಲಿ.